ಒಂಬತ್ತು ಪುಟದ ಬಯೋಡೇಟಾ ಒಂದು ಪುಟಕ್ಕಿಳಿದ ಬಗೆ

ಮಳೆಗಾಲ ಶುರುವಾಗಿದ್ದ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಿವಮೊಗ್ಗದಿಂದ ಫೋನ್ ಮಾಡಿದಳು. ದಾವಣಗೆರೆಯ ಖಾಸಗಿ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಸಹಾಯಕ ಪ್ರಾಧ್ಯಾಪಕರ ಹುದ್ದೆ ಖಾಲಿಯಿತ್ತು. ಬಿಎಸ್ಸಿ ತರಗತಿಗಳಿಗೆ ಥಿಯರಿ ಮತ್ತು ಪ್ರಾಯೋಗಿಕ ಎರಡನ್ನೂ ತೆಗೆದುಕೊಳ್ಳಬೇಕು, ಕನಿಷ್ಠ ಎರಡು ವರ್ಷ ಪಾಠ ಮಾಡಿರಬೇಕು, ಬಯೋಡೇಟಾ ಒಂದು ಪುಟ ಮೀರಬಾರದು ಎಂದು ಜಾಹೀರಾತಿನಲ್ಲಿತ್ತು.

"ಸರ್, ನಂದು ಒಂಬತ್ತು ಪುಟ ಇದೆ. ಅಕ್ಷರ ಎಷ್ಟು ಸಣ್ಣ ಮಾಡಿದ್ರೂ ಐದು ಪುಟಕ್ಕಿಂತ ಕೆಳಗೆ ಇಳೀತಿಲ್ಲ. ಯಾವುದನ್ನ ಬಿಡಲಿ? ಎಲ್ಲಾ ಕಷ್ಟಪಟ್ಟು ಮಾಡಿದ್ದೇ" ಅಂದಳು. ದನಿಯಲ್ಲಿ ಅಳು ಇತ್ತು.

ಕಳಿಸಮ್ಮ, ನೋಡೋಣ ಅಂದೆ. ನಾನು ಮೂವತ್ತು ವರ್ಷ ಪದವಿ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಕಲಿಸಿದವನು. ಆಯ್ಕೆ ಸಮಿತಿಗಳಲ್ಲಿ ವಿಷಯತಜ್ಞನಾಗಿ ಕೂತು ಇಂಥ ನೂರಾರು ಬಯೋಡೇಟಾಗಳನ್ನು ತಿರುವಿ ಹಾಕಿದ್ದೇನೆ. ಅವಳ ಕಡತ ತೆರೆದಾಗ ಅದರ ತೊಂದರೆ ಉದ್ದದಲ್ಲಿಲ್ಲ ಎಂದು ಅನಿಸಿತು. ಒಂಬತ್ತು ಪುಟದಲ್ಲಿ ಅವಳು ಪಾಠ ಮಾಡಿದ ವಿಚಾರ ಇದ್ದದ್ದು ನಾಲ್ಕೇ ಸಾಲು, ಅದೂ ಕೊನೆಯ ಪುಟದಲ್ಲಿ.

ಒಂಬತ್ತು ಪುಟದಲ್ಲಿ ಏನಿತ್ತು?

ಮೊದಲ ಪುಟದಲ್ಲಿ 'ನನ್ನ ಗುರಿ' ಎಂಬ ಆರು ಸಾಲಿನ ಪ್ಯಾರಾ, ತಂದೆಯ ಹೆಸರು, ಜನ್ಮದಿನಾಂಕ, ಧರ್ಮ, ವೈವಾಹಿಕ ಸ್ಥಿತಿ ಮತ್ತು ಒಂದು ಫೋಟೊ ಇದ್ದವು. ಎರಡನೆಯದರಲ್ಲಿ ಎಸ್ಸೆಸ್ಸೆಲ್ಸಿಯಿಂದ ಪಿಎಚ್‌ಡಿವರೆಗಿನ ಅಂಕಗಳ ಕೋಷ್ಟಕ, ಅದರ ಕೆಳಗೆ ಪ್ರಬಂಧದ ಅರ್ಧ ಪುಟದ ಸಾರಾಂಶ. ಮೂರು ಮತ್ತು ನಾಲ್ಕನೆಯ ಪುಟಗಳನ್ನು 11 ಸಂಶೋಧನಾ ಲೇಖನಗಳು ತುಂಬಿದ್ದವು. ಐದು ಮತ್ತು ಆರರಲ್ಲಿ ಸಮ್ಮೇಳನಗಳಲ್ಲಿ ಮಂಡಿಸಿದ ಪ್ರಬಂಧಗಳು. ಏಳನೆಯ ಪುಟದಲ್ಲಿ ಕಾರ್ಯಾಗಾರ ಮತ್ತು ವೆಬಿನಾರ್‌ಗಳ 23 ಪ್ರಮಾಣಪತ್ರಗಳು, ಅವುಗಳಲ್ಲಿ ಬಹುಪಾಲು ಲಾಕ್‌ಡೌನ್ ಕಾಲದ್ದು. ಎಂಟನೆಯದು ಬಳಸಲು ಬರುವ ಉಪಕರಣಗಳ ಪಟ್ಟಿ. ಒಂಬತ್ತನೆಯ ಪುಟದಲ್ಲಿ ಬೋಧನಾ ಅನುಭವ, ಪರಾಮರ್ಶೆಗೆ ಮೂವರ ಹೆಸರು, 'ಮೇಲಿನ ಮಾಹಿತಿ ಸತ್ಯವೆಂದು ಪ್ರಮಾಣೀಕರಿಸುತ್ತೇನೆ' ಎಂಬ ಘೋಷಣೆ ಮತ್ತು ಸಹಿ.

ಕೆ-ಸೆಟ್ ಪಾಸಾದ ವಿಷಯ ಎಲ್ಲಿತ್ತೆಂದರೆ ಏಳನೆಯ ಪುಟದಲ್ಲಿ, ವೆಬಿನಾರ್‌ಗಳ ನಡುವೆ! ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ ಎಂದು ಯುಜಿಸಿ 2023ರ ಜುಲೈ 1ರಿಂದ ನಿಗದಿ ಮಾಡಿದೆ, ಪಿಎಚ್‌ಡಿ ಐಚ್ಛಿಕ. ಅರ್ಜಿಗಳನ್ನು ಮೊದಲು ಜರಡಿ ಹಿಡಿಯುವವರು ಹುಡುಕುವುದೇ ಆ ಒಂದು ಸಾಲನ್ನು. ಅದು ಏಳನೆಯ ಪುಟದಲ್ಲಿ ಅಡಗಿದ್ದರೆ ಕಣ್ತಪ್ಪಿ ಹೋಗುವ ಸಾಧ್ಯತೆಯೇ ಹೆಚ್ಚು.

ಇದು ಅವಳೊಬ್ಬಳ ತಪ್ಪಲ್ಲ. ಪಿಎಚ್‌ಡಿ ಮಾಡುವ ನಾಲ್ಕೈದು ವರ್ಷ ನಮ್ಮ ಹುಡುಗರಿಗೆ ಪ್ರಕಟಣೆ ಎಷ್ಟು, ಸಮ್ಮೇಳನ ಎಷ್ಟು ಎಂದೇ ಎಲ್ಲರೂ ಕೇಳುತ್ತಾರೆ. ಪ್ರತಿ ಹೊಸ ಪ್ರಮಾಣಪತ್ರ ಬಂದಾಗ ಕಡತಕ್ಕೆ ಒಂದು ಸಾಲು ಸೇರುತ್ತದೆ. ತರಗತಿಯಲ್ಲಿ ಕಳೆದ ಗಂಟೆಗೆ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ, ಹಾಗಾಗಿ ಅದು ಕಡತಕ್ಕೆ ಸೇರುವುದೂ ಇಲ್ಲ.

ಓದುವವರ ಮೇಜಿನ ಮೇಲೆ

ಪದವಿ ಕಾಲೇಜಿನ ಆಯ್ಕೆ ಸಮಿತಿಯಲ್ಲಿ ಸಾಮಾನ್ಯವಾಗಿ ಆಡಳಿತ ಮಂಡಳಿಯ ಒಬ್ಬರು, ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು, ಹೊರಗಿನ ವಿಷಯತಜ್ಞರು ಇರುತ್ತಾರೆ. ಇವರಲ್ಲಿ ಪೈರಜೋಲ್ ಎಂದರೇನು ಎಂದು ಗೊತ್ತಿರುವವರು ಇಬ್ಬರಿದ್ದರೆ ಹೆಚ್ಚು. ಆದರೆ ಎಲ್ಲರ ತಲೆಯಲ್ಲೂ ಇರುವ ಚಿಂತೆ ಒಂದೇ: ಹುದ್ದೆ ಬಿಟ್ಟು ಹೋದವರ ತರಗತಿಗಳನ್ನು ಈ ವ್ಯಕ್ತಿ ಬಂದ ದಿನದಿಂದಲೇ ವಹಿಸಿಕೊಳ್ಳಬಲ್ಲರೇ? ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ. ಆ 16 ಗಂಟೆಯ ವೇಳಾಪಟ್ಟಿ ಪ್ರಾಂಶುಪಾಲರ ಮೇಜಿನ ಮೇಲೆ ಖಾಲಿ ಬಿದ್ದಿರುತ್ತದೆ. ಬಯೋಡೇಟಾ ಓದುವಾಗ ಅವರು ಅದರ ಖಾನೆಗಳನ್ನೇ ಮನಸ್ಸಿನಲ್ಲಿ ತುಂಬುತ್ತಿರುತ್ತಾರೆ.

ಸಂಶೋಧನೆಗೂ ಬೋಧನೆಗೂ ಕೊಡುವ ತೂಕದ ಅಂದಾಜು ಬೇಕಿದ್ದರೆ ಯುಜಿಸಿಯ 2018ರ ನಿಯಮಾವಳಿಯನ್ನು ನೋಡಬಹುದು. ಸಂದರ್ಶನಕ್ಕೆ ಕರೆಯುವವರ ಪಟ್ಟಿ ಮಾಡಲು ಅದರಲ್ಲಿ ವಿಶ್ವವಿದ್ಯಾಲಯಗಳಿಗೆ ಒಂದು, ಕಾಲೇಜುಗಳಿಗೆ ಇನ್ನೊಂದು ಅಂಕಪಟ್ಟಿ ಇದೆ. ಎರಡರಲ್ಲೂ ಒಟ್ಟು 100 ಅಂಕ. ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಸಂಶೋಧನಾ ಪ್ರಕಟಣೆಗೆ ಹೆಚ್ಚೆಂದರೆ 10 ಅಂಕ ಸಿಗುತ್ತದೆ. ಕಾಲೇಜಿನ ಪಟ್ಟಿಯಲ್ಲಿ ಸಿಗುವುದು 6. ಒಂದು ಲೇಖನಕ್ಕೆ 2 ಅಂಕದಂತೆ ಮೂರು ಲೇಖನಕ್ಕೆ ಆ ಖಾನೆ ತುಂಬಿ ಹೋಗುತ್ತದೆ. ಬೋಧನಾ ಅನುಭವಕ್ಕೆ ವರ್ಷಕ್ಕೆ 2ರಂತೆ 10 ಅಂಕದವರೆಗೆ ಅವಕಾಶವಿದೆ. ಅಂದರೆ ಅವಳ 11 ಲೇಖನಗಳಲ್ಲಿ ನಾಲ್ಕನೆಯದರಿಂದ ಹನ್ನೊಂದನೆಯದರವರೆಗಿನವು ಕಾಲೇಜಿನ ಪಟ್ಟಿಯಲ್ಲಿ ಒಂದು ಅಂಕವನ್ನೂ ಹೆಚ್ಚಿಸುವುದಿಲ್ಲ. ಅವಳ ಕಡತದಲ್ಲಿ ಮಾತ್ರ ಅವು ಒಂದೂವರೆ ಪುಟ ಆಕ್ರಮಿಸಿದ್ದವು.

ಈ ಲೆಕ್ಕ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದ್ರೆ ಅಳಿಸಿಬಿಡಲಾ ಸರ್?" ಎಂದು ಕೇಳಿದಳು.

ಅಳಿಸುವ ಕೆಲಸ ಮೊದಲು ಮಾಡಬಾರದು. ಆ ಒಂಬತ್ತು ಪುಟ ಅವಳ ಮೂಲ ದಾಖಲೆ. ಮುಂದೆ ವಿಶ್ವವಿದ್ಯಾಲಯದ ಹುದ್ದೆಗೋ ಸಂಶೋಧನಾ ಯೋಜನೆಗೋ ಅರ್ಜಿ ಹಾಕುವಾಗ ಅದೇ ಬೇಕು. ಅದನ್ನು ಹಾಗೇ ಇಟ್ಟುಕೊಂಡು ಹೊಸ ಕಡತ ತೆರೆಯಬೇಕು. ಹಳೆಯದನ್ನು ಕತ್ತರಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಸಂಶೋಧಕಿಯೊಬ್ಬಳ ತುಂಡಾದ ಬಯೋಡೇಟಾ. ಖಾಲಿ ಹಾಳೆಯಿಂದ ಶುರು ಮಾಡಿದರೆ ಮಾತ್ರ ಅಧ್ಯಾಪಕಿಯ ಬಯೋಡೇಟಾ ಹುಟ್ಟುತ್ತದೆ.

ನಲವತ್ತೆಂಟು ಸಾಲಿನ ಲೆಕ್ಕ

ಖಾಲಿ ಹಾಳೆಯಲ್ಲಿ ಎಷ್ಟು ಜಾಗವಿದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಎ4 ಹಾಳೆಯ ಎತ್ತರ 297 ಮಿಲಿಮೀಟರ್. ಮೇಲೆ ಕೆಳಗೆ ಎರಡೆರಡು ಸೆಂಟಿಮೀಟರ್ ಅಂಚು ಬಿಟ್ಟರೆ ಉಳಿಯುವುದು 257. ಅಕ್ಷರದ ಗಾತ್ರ 11 ಪಾಯಿಂಟ್ ಇಟ್ಟು, ಸಾಲುಗಳ ನಡುವೆ ಕಣ್ಣಿಗೆ ಹಿತವಾಗುವಷ್ಟು ಅಂತರ ಕೊಟ್ಟರೆ ಹತ್ತಿರಹತ್ತಿರ 48 ಸಾಲು ಹಿಡಿಸುತ್ತದೆ. ಇಷ್ಟೇ ಬಂಡವಾಳ. ತಿಂಗಳ ಸಂಬಳವನ್ನು ಬಾಡಿಗೆಗೆ ಇಷ್ಟು, ದಿನಸಿಗೆ ಇಷ್ಟು ಎಂದು ಎತ್ತಿಡುವ ಹಾಗೆ ಈ 48 ಸಾಲನ್ನೂ ಮೊದಲೇ ಹಂಚಿಕೊಳ್ಳಬೇಕು.

ನಾವು ಹೀಗೆ ಹಂಚಿದೆವು. ಹೆಸರು ಮತ್ತು ಸಂಪರ್ಕಕ್ಕೆ 3 ಸಾಲು. ತಾನು ಯಾರು ಎಂಬ ಪರಿಚಯಕ್ಕೆ 3. ಬೋಧನಾ ಅನುಭವಕ್ಕೆ 17. ವಿದ್ಯಾರ್ಹತೆಗೆ 6. ತೆಗೆದುಕೊಳ್ಳಬಲ್ಲ ಪತ್ರಿಕೆಗಳಿಗೆ 3. ಸಂಶೋಧನೆಗೆ 4. ಕಾಲೇಜಿನ ಇತರ ಕೆಲಸಗಳಿಗೆ 3. ಪರಾಮರ್ಶೆಯ ಹೆಸರುಗಳಿಗೆ 2. ಶೀರ್ಷಿಕೆಗಳು ಇದರೊಳಗೇ ಸೇರಿದವು. ಒಟ್ಟು 41 ಆಯಿತು. ಎಂಟು ಭಾಗಗಳ ನಡುವೆ ಒಂದೊಂದು ಖಾಲಿ ಸಾಲಿನಂತೆ 7. ಅಲ್ಲಿಗೆ 48.

ಖಾಲಿ ಸಾಲು ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಅಲ್ಲಿ ಇನ್ನೂ ಏಳು ವಿಷಯ ಹಾಕಬಹುದಲ್ಲ ಎಂಬ ಆಸೆ. ಆದರೆ ಒತ್ತೊತ್ತಾಗಿ ತುಂಬಿದ ಪುಟವನ್ನು ಸಮಿತಿಯವರು ಓದುವುದಿಲ್ಲ, ಅದರ ಮೇಲೆ ಕಣ್ಣು ಹಾಯಿಸುತ್ತಾರೆ ಅಷ್ಟೇ. ಎಂಟು ಪಾಯಿಂಟಿನ ಅಕ್ಷರ, ಅರ್ಧ ಸೆಂಟಿಮೀಟರಿನ ಅಂಚು ಇಟ್ಟ ಒಂದು ಪುಟ ನಿಜವಾಗಿ ಒಂದು ಪುಟವಲ್ಲ. ಅದು ಎರಡು ಪುಟವನ್ನು ಮಡಚಿ ಇಟ್ಟದ್ದು. ಅರವತ್ತರ ಹತ್ತಿರದ ಪ್ರಾಂಶುಪಾಲರು ಕನ್ನಡಕ ಸರಿಪಡಿಸಿಕೊಳ್ಳುತ್ತಾ ಅದನ್ನು ಪಕ್ಕಕ್ಕಿಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಾಲು ಹಂಚಿದ ಮೇಲೆ ಹಳೆಯ ಒಂಬತ್ತು ಪುಟವನ್ನು ಅಚ್ಚು ಹಾಕಿ, ಪೆನ್ಸಿಲ್ ಹಿಡಿದು ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳಲು ಹೇಳಿದೆ: ಇದರಿಂದ ಬಿಎಸ್ಸಿ ಹುಡುಗರಿಗೆ ಏನು ಸಿಗುತ್ತದೆ? ಉತ್ತರ ನೇರವಾಗಿ ಇದ್ದರೆ ಉಳಿಸು. ಬೇರೆ ಮಾತಿನಲ್ಲಿ ಹೇಳಿದರೆ ಸಿಗುತ್ತದೆ ಎನ್ನಿಸಿದರೆ ಪಕ್ಕದಲ್ಲಿ ಗುರುತು ಹಾಕು. ಉತ್ತರವೇ ಇಲ್ಲದಿದ್ದರೆ ಈ ಪುಟದ ಮಟ್ಟಿಗೆ ಬಿಡು.

ಧರ್ಮ, ವೈವಾಹಿಕ ಸ್ಥಿತಿ, ಫೋಟೊ, 'ನನ್ನ ಗುರಿ' ಎಲ್ಲವೂ ಮೊದಲ ಸುತ್ತಿನಲ್ಲೇ ಹೋದವು. ಘೋಷಣೆಯ ಸಾಲನ್ನು ಕಾಲೇಜಿನ ಅರ್ಜಿ ನಮೂನೆಯಲ್ಲೇ ಕೇಳುತ್ತಾರೆ, ಇಲ್ಲಿ ಬೇಕಿಲ್ಲ. 23 ಪ್ರಮಾಣಪತ್ರಗಳಲ್ಲಿ ಉಳಿದದ್ದು ಪ್ರಯೋಗಾಲಯದ ಸುರಕ್ಷತೆ ಕುರಿತ ಒಂದೇ ತರಬೇತಿ. ಒಂದು ಗಂಟೆ ಕೂತು ಕೇಳಿದ ವೆಬಿನಾರ್‌ನಿಂದ ಯಾರ ಪಾಠವೂ ಸುಧಾರಿಸಿಲ್ಲ ಎಂಬುದು ಸಮಿತಿಯಲ್ಲಿ ಕೂತವರಿಗೆಲ್ಲ ಗೊತ್ತು.

ನಾಲ್ಕು ಸಾಲು ಹದಿನೇಳಾಗುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಇಲ್ಲಿಯೇ. ಒಂಬತ್ತು ಪುಟವನ್ನು ಒಂದಕ್ಕೆ ಇಳಿಸುವಾಗ ಬೋಧನೆಯ ಭಾಗವನ್ನು ಮಾತ್ರ ನಾಲ್ಕು ಪಟ್ಟು ಬೆಳೆಸಬೇಕಾಗಿತ್ತು. ಅವಳ ಮೂಲ ಬರಹದ ಮುಖ್ಯ ಸಾಲು ಹೀಗಿತ್ತು:

"ಅತಿಥಿ ಉಪನ್ಯಾಸಕಿ, ಸರ್ಕಾರಿ ಪ್ರಥಮ ದರ್ಜೆ ಕಾಲೇಜು, 3 ವರ್ಷ. ಪದವಿ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಬೋಧಿಸಿದ ಅನುಭವ."

ಯಾವ ಸೆಮಿಸ್ಟರ್, ಯಾವ ಪತ್ರಿಕೆ ಎಂದು ಕೇಳಿದೆ. ಒಂದರಿಂದ ಆರರವರೆಗೆ ಎಲ್ಲವನ್ನೂ ಒಂದಲ್ಲ ಒಂದು ಸಲ ತೆಗೆದುಕೊಂಡಿದ್ದಾಗಿ ಹೇಳಿದಳು. ತರಗತಿಯಲ್ಲಿ ಎಷ್ಟು ಜನ? ಅದು ತಟ್ಟನೆ ನೆನಪಾಗಲಿಲ್ಲ. ಜೊತೆಗಿದ್ದ ಸಹೋದ್ಯೋಗಿಗೆ ಫೋನ್ ಮಾಡಿ, ಹಾಜರಿ ಪುಸ್ತಕ ನೋಡಿಸಿ, ಮೊದಲ ಸೆಮಿಸ್ಟರ್‌ನಲ್ಲಿ 62, ಮೂರರಲ್ಲಿ 38, ಐದರಲ್ಲಿ 24 ಎಂದು ಮರುದಿನ ತಿಳಿಸಿದಳು. ವಾರಕ್ಕೆ ಎಷ್ಟು ಗಂಟೆ? 15. ಅದರಲ್ಲಿ ನಾಲ್ಕು ಗಂಟೆಯ ಪ್ರಾಯೋಗಿಕ ಎರಡು, ಉಳಿದ 7 ಥಿಯರಿ.

"ಮೂರು ವರ್ಷ ಅಂತ ಬರೆದಿದ್ದೀಯಲ್ಲ, ವರ್ಷವಿಡೀ ಇದ್ದೆಯಾ?"

"ಇಲ್ಲ ಸರ್. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕ್ಬೇಕು, ಮಧ್ಯೆ ರಜೆಯಲ್ಲಿ ಬಿಡುಗಡೆ ಮಾಡ್ತಾರೆ. ಪೂರ್ತಿ ಪಾಠ ಮಾಡಿದ್ದು ಆರು ಸೆಮಿಸ್ಟರ್."

ಹಾಗಿದ್ದರೆ ಆರು ಸೆಮಿಸ್ಟರ್ ಎಂದೇ ಬರೆಯಬೇಕು. ಅನುಭವ ಪ್ರಮಾಣಪತ್ರದಲ್ಲಿನ ದಿನಾಂಕಕ್ಕೂ ಬಯೋಡೇಟಾದ ಮಾತಿಗೂ ತಾಳೆಯಾಗದಿದ್ದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ಅದಾಗುತ್ತದೆ. ಆಮೇಲೆ ಉಳಿದ ಮಾತೆಲ್ಲ ಅನುಮಾನದ ಮೇಲೇ ನಡೆಯುತ್ತದೆ.

ಇನ್ನೊಂದು ಸಂಗತಿ ಅವಳಿಗೆ ಹೇಳಿಕೊಳ್ಳುವಂಥದ್ದು ಅನ್ನಿಸಿಯೇ ಇರಲಿಲ್ಲ. ಕರ್ನಾಟಕದಲ್ಲಿ 2021-22ರಲ್ಲಿ ಎನ್‌ಇಪಿ ಪಠ್ಯಕ್ರಮ ಬಂತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿ, ಎಸ್‌ಇಪಿ ಪಠ್ಯಕ್ರಮ ಶುರುವಾಯಿತು. ಆ ವರ್ಷ ಮೊದಲ ವರ್ಷದವರು ಹೊಸ ಪಠ್ಯಕ್ರಮದಲ್ಲಿದ್ದರೆ ಮೇಲಿನವರು ಹಳೆಯದರಲ್ಲೇ ಇದ್ದರು. ಅವಳು ಎರಡನ್ನೂ ಕಲಿಸಿದ್ದಳು. ಎರಡು ಪಠ್ಯಕ್ರಮದ ವೇಳಾಪಟ್ಟಿ ಹೊಂದಿಸಿ ಸುಸ್ತಾಗಿರುವ ಪ್ರಾಂಶುಪಾಲರಿಗೆ ಅದು 11 ಲೇಖನಗಳಿಗಿಂತ ಬೆಲೆಯುಳ್ಳ ಮಾಹಿತಿ.

ಕೊನೆಗೆ, ಮಕ್ಕಳಿಗೆ ಯಾವುದು ಕಷ್ಟವಾಗುತ್ತಿತ್ತು, ನೀನೇನು ಮಾಡಿದೆ ಎಂದು ಕೇಳಿದೆ. ಅಲ್ಲಿ ಅವಳ ಮಾತಿಗೆ ಜೀವ ಬಂತು. ಮೊದಲ ಸೆಮಿಸ್ಟರ್‌ಗೆ ಬಂದವರಲ್ಲಿ ತುಂಬಾ ಜನ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಟೈಟ್ರೇಷನ್ ಮಾಡುವಾಗ ಬ್ಯುರೆಟ್ ಹಿಡಿಯಲು ಬರುತ್ತಿತ್ತು, ಆದರೆ ಮೋಲಾರಿಟಿಯ ಲೆಕ್ಕಕ್ಕೆ ಬಂದಾಗ ಪೆನ್ನು ನಿಂತುಬಿಡುತ್ತಿತ್ತು. ಅವಳು ಪ್ರತಿ ಪ್ರಯೋಗಕ್ಕೂ ಎರಡು ಪುಟದ ಹಾಳೆ ಸಿದ್ಧಮಾಡಿದ್ದಳು. ಒಂದು ಬದಿ ಕನ್ನಡದಲ್ಲಿ, ಇನ್ನೊಂದು ಬದಿ ಇಂಗ್ಲಿಷಿನಲ್ಲಿ. ಕೊನೆಯಲ್ಲಿ ಬಿಡಿಸಿದ ಒಂದು ಲೆಕ್ಕ, ಬಿಡಿಸಬೇಕಾದ ಎರಡು. ಅಂಥ 14 ಹಾಳೆಗಳು ಅವಳ ಹತ್ತಿರ ಇದ್ದವು. ಒಂಬತ್ತು ಪುಟದಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಇಷ್ಟೆಲ್ಲ ಸೇರಿದ ಮೇಲೆ ಆ ಭಾಗದ ಮೊದಲ ಸಾಲುಗಳು ಹೀಗಾದವು. ಮೂಲ ಇಂಗ್ಲಿಷಿನಲ್ಲಿತ್ತು, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ:

"ಅತಿಥಿ ಉಪನ್ಯಾಸಕಿ, ರಸಾಯನಶಾಸ್ತ್ರ, ಸರ್ಕಾರಿ ಪ್ರಥಮ ದರ್ಜೆ ಕಾಲೇಜು, 2022–2025 (6 ಸೆಮಿಸ್ಟರ್)

ವಾರಕ್ಕೆ 15 ಗಂಟೆ: ಥಿಯರಿ 7, ಪ್ರಾಯೋಗಿಕ 8. ಎನ್‌ಇಪಿ ಮತ್ತು ಎಸ್‌ಇಪಿ ಎರಡೂ ಪಠ್ಯಕ್ರಮ.

1ನೇ ಸೆಮಿಸ್ಟರ್ (62 ವಿದ್ಯಾರ್ಥಿಗಳು): ಸಾಮಾನ್ಯ ರಸಾಯನಶಾಸ್ತ್ರ, ಟೈಟ್ರೇಷನ್ ಪ್ರಯೋಗಗಳು.

3ನೇ ಸೆಮಿಸ್ಟರ್ (38): ಸಾವಯವ ರಸಾಯನಶಾಸ್ತ್ರ, ಸಾವಯವ ಸಂಯುಕ್ತಗಳ ಗುಣಾತ್ಮಕ ವಿಶ್ಲೇಷಣೆ.

5ನೇ ಸೆಮಿಸ್ಟರ್ (24): ರೋಹಿತದರ್ಶನ, ಐಆರ್ ಮತ್ತು ಎನ್‌ಎಂಆರ್.

14 ಪ್ರಯೋಗಗಳಿಗೆ ಕನ್ನಡ–ಇಂಗ್ಲಿಷ್ ಕೈಹಾಳೆ ರಚನೆ, ಪ್ರತಿಯೊಂದರಲ್ಲೂ ಬಿಡಿಸಿದ ಲೆಕ್ಕ."

ಇದರಲ್ಲಿ ಒಂದೂ ವಿಶೇಷಣವಿಲ್ಲ. 'ಉತ್ಸಾಹಿ ಅಧ್ಯಾಪಕಿ', 'ವಿದ್ಯಾರ್ಥಿಪ್ರಿಯ', 'ಅತ್ಯುತ್ತಮ ಫಲಿತಾಂಶ' ಎಂದು ಅವಳ ಮೊದಲ ಕರಡಿನಲ್ಲಿ ಇದ್ದವನ್ನು ತೆಗೆಸಿದೆ. ಅವನ್ನು ಎಲ್ಲರೂ ಬರೆಯುತ್ತಾರೆ, ಯಾರೂ ಪರೀಕ್ಷಿಸಲಾಗದು. 62 ಎಂಬ ಸಂಖ್ಯೆ ಹಾಗಲ್ಲ. ಅಷ್ಟು ಜನರ ತರಗತಿಯನ್ನು ಹಿಡಿದಿಟ್ಟಿದ್ದಾಳೆ ಎಂದು ಅದೇ ಹೇಳುತ್ತದೆ. ಸಂದರ್ಶನದಲ್ಲಿ ಯಾರಾದರೂ ಆ ಕೈಹಾಳೆ ತೋರಿಸಿ ಎಂದರೆ ಚೀಲದಿಂದ ತೆಗೆದು ಮೇಜಿನ ಮೇಲಿಡಬಹುದು.

ಫಲಿತಾಂಶದ ವಿಷಯದಲ್ಲಿ ಒಂದು ಎಚ್ಚರ ಬೇಕು. ಒಂದು ಪತ್ರಿಕೆಯನ್ನು ಇಬ್ಬರು ಹಂಚಿಕೊಂಡು ಪಾಠ ಮಾಡಿದ್ದರೆ 'ನನ್ನ ವಿಷಯದಲ್ಲಿ ಶೇಕಡ ನೂರು' ಎಂದು ಬರೆಯುವುದು ಸುಳ್ಳಿಗೆ ಹತ್ತಿರದ ಮಾತು. ಒಬ್ಬರೇ ತೆಗೆದುಕೊಂಡ ಪತ್ರಿಕೆಯಾಗಿದ್ದು, ಕಾಲೇಜಿನ ಫಲಿತಾಂಶ ಪಟ್ಟಿ ಕೈಯಲ್ಲಿದ್ದರೆ ಬರೆದವರು ಇಷ್ಟು, ಪಾಸಾದವರು ಇಷ್ಟು ಎಂದು ಹಾಕಬಹುದು. ಪಿಎಚ್‌ಡಿ ಮಾಡುವಾಗ ಎಂಎಸ್ಸಿ ಪ್ರಾಯೋಗಿಕ ತರಗತಿಗಳಲ್ಲಿ ಅವಳು ಪ್ರಾಧ್ಯಾಪಕರಿಗೆ ನೆರವಾಗಿದ್ದಳು. ಅದನ್ನು 'ಬೋಧಿಸಿದೆ' ಎಂದು ಬರೆದಿದ್ದನ್ನು 'ಸಹಾಯಕಳಾಗಿ ನಡೆಸಿಕೊಟ್ಟೆ' ಎಂದು ತಿದ್ದಿದೆವು. ಆ ಪ್ರಾಧ್ಯಾಪಕರ ಪರಿಚಯಸ್ಥರು ಸಮಿತಿಯಲ್ಲಿ ಇಲ್ಲದಿರುವ ಸಾಧ್ಯತೆ ನಮ್ಮ ರಾಜ್ಯದಲ್ಲಿ ಕಡಿಮೆಯೇ.

ಸಂಶೋಧನೆಗೆ ನಾಲ್ಕು ಸಾಲು

ಸಂಶೋಧನೆಯನ್ನು ಪೂರ್ತಿ ಮುಚ್ಚಿಡುವುದೂ ತಪ್ಪು. ಪಿಎಚ್‌ಡಿ ಆದವರು ಅದರ ಬಗ್ಗೆ ಏನೂ ಬರೆಯದಿದ್ದರೆ, ಇವರಿಗೆ ಅಲ್ಲಿ ಏನೋ ತೊಂದರೆಯಾಗಿರಬೇಕು ಎಂದು ಓದುವವರು ಊಹಿಸುತ್ತಾರೆ. ನ್ಯಾಕ್ ಮಾನ್ಯತೆಗಾಗಿ ಕಾಲೇಜುಗಳಿಗೂ ಅಧ್ಯಾಪಕರ ಪ್ರಕಟಣೆಗಳ ಲೆಕ್ಕ ಬೇಕು. ಹಾಗಾಗಿ ಇರಬೇಕು, ಆದರೆ ತನ್ನ ಜಾಗದಲ್ಲಿರಬೇಕು.

ನಾಲ್ಕು ಸಾಲಿನಲ್ಲಿ ಮೊದಲನೆಯದು ಶೀರ್ಷಿಕೆ. ಎರಡನೆಯದು, ಸಂಶೋಧನೆ ಯಾವುದರ ಬಗ್ಗೆ ಎಂದು ಇತರ ವಿಷಯದ ಅಧ್ಯಾಪಕರಿಗೂ ಅರ್ಥವಾಗುವ ಮಾತು. ಪ್ರಬಂಧದ ಶೀರ್ಷಿಕೆಯಲ್ಲಿ ಬಾಯಿಗೆ ಹಿಡಿಸದ ಸಂಯುಕ್ತಗಳ ಹೆಸರಿತ್ತು. ಅದನ್ನು 'ಔಷಧಗುಣವಿರುವ ಸಾವಯವ ಸಂಯುಕ್ತಗಳ ತಯಾರಿಕೆ ಮತ್ತು ಪರೀಕ್ಷೆ' ಎಂದು ಮಾಡಿದೆವು. ಮೂರನೆಯದು ಸಂಖ್ಯೆ: '11 ಲೇಖನಗಳು, 4ರಲ್ಲಿ ಮೊದಲ ಲೇಖಕಿ', ಪಕ್ಕದಲ್ಲಿ ಅವಳ ORCID ಸಂಖ್ಯೆ. ಸಂಶೋಧಕರನ್ನು ಗುರುತಿಸಲು ಕೊಡುವ ಈ 16 ಅಂಕಿಗಳ ಸಂಖ್ಯೆಯನ್ನು ಒತ್ತಿದರೆ ಅವಳು ಅಲ್ಲಿ ಸೇರಿಸಿಟ್ಟ ಲೇಖನಗಳ ಪಟ್ಟಿ ತೆರೆದುಕೊಳ್ಳುತ್ತದೆ. ಒಂದೂವರೆ ಪುಟದ ಕೆಲಸವನ್ನು ಅರ್ಧ ಸಾಲು ಮಾಡಿತು.

ನಾಲ್ಕನೆಯ ಸಾಲು ನನಗೆ ತುಂಬಾ ಹಿಡಿಸಿದ್ದು. ಎಂಟನೆಯ ಪುಟದ ಉಪಕರಣಗಳ ಪಟ್ಟಿಗೆ ಅವಳು ಪೆನ್ಸಿಲ್ ಗುರುತು ಹಾಕಿಕೊಂಡು ಬಂದಿದ್ದಳು. ಐಆರ್, ಎನ್‌ಎಂಆರ್ ಉಪಕರಣಗಳು ಸಾಮಾನ್ಯ ಪದವಿ ಕಾಲೇಜಿನಲ್ಲಿ ಇರುವುದಿಲ್ಲ. ಹಾಗಾದರೆ ಅವನ್ನು ಬಲ್ಲವರಿಂದ ಬಿಎಸ್ಸಿ ಹುಡುಗರಿಗೆ ಏನು ಸಿಗುತ್ತದೆ? ಐದು ನಿಮಿಷ ಯೋಚಿಸಿ ಅವಳೇ ಹೇಳಿದಳು: "ಸರ್, ನನ್ನ ಹತ್ರ ನನ್ನದೇ ಸಂಯುಕ್ತಗಳ ನೂರಾರು ರೋಹಿತ ಇದೆ. ಪಠ್ಯಪುಸ್ತಕದಲ್ಲಿ ಬರೀ ಅಚ್ಚುಕಟ್ಟಾದ ಚಿತ್ರ ಇರುತ್ತೆ. ನಿಜವಾದ್ದರಲ್ಲಿ ದ್ರಾವಕದ ಗುರುತು, ಕಲಬೆರಕೆಯ ಗುರುತು ಎಲ್ಲಾ ಕಾಣುತ್ತೆ. ಐದನೇ ಸೆಮಿಸ್ಟರ್‌ನವರಿಗೆ ಅದನ್ನೇ ಕೊಟ್ಟು ಬಿಡಿಸೋಕೆ ಹೇಳ್ತಿದ್ದೆ." ಅದೇ ನಾಲ್ಕನೆಯ ಸಾಲಾಯಿತು: 'ಸಂಶೋಧನೆಯಲ್ಲಿ ಪಡೆದ ಐಆರ್, ಎನ್‌ಎಂಆರ್ ರೋಹಿತಗಳನ್ನು ಪದವಿ ತರಗತಿಯ ಅಭ್ಯಾಸಗಳಾಗಿ ಬಳಸಿದ್ದೇನೆ.' ಉಪಕರಣಗಳ ಒಂದು ಪುಟ ತರಗತಿಯ ಒಂದು ಸಾಲಾಗಿ ಬದಲಾಯಿತು.

ಅರ್ಹತೆಯ ಭಾಗದಲ್ಲಿ ಕೆ-ಸೆಟ್ ಮೇಲಕ್ಕೆ ಬಂತು, ನಂತರ ಪಿಎಚ್‌ಡಿ, ಎಂಎಸ್ಸಿ, ಬಿಎಸ್ಸಿ. ಪ್ರತಿಯೊಂದಕ್ಕೂ ವರ್ಷ ಮತ್ತು ಶೇಕಡಾವಾರು. ಪಿಯುಸಿ, ಎಸ್ಸೆಸ್ಸೆಲ್ಸಿ ಹೋದವು. ಕಾಲೇಜಿನ ಇತರ ಕೆಲಸ ಎಂಬಲ್ಲಿ ಪ್ರಯೋಗಾಲಯದ ಸ್ಟಾಕ್ ರಿಜಿಸ್ಟರ್ ನೋಡಿಕೊಂಡದ್ದು, ನ್ಯಾಕ್ ಕಡತಗಳಿಗೆ ವಿಭಾಗದ ದಾಖಲೆ ಜೋಡಿಸಿದ್ದು, ಸುರಕ್ಷತಾ ತರಬೇತಿ ಸೇರಿದವು. ಇವು ಸಣ್ಣ ಕೆಲಸಗಳಂತೆ ಕಾಣುತ್ತವೆ. ಆದರೆ ವಿಭಾಗದ ಮುಖ್ಯಸ್ಥರ ಕಣ್ಣು ಅಲ್ಲಿ ಒಂದು ಕ್ಷಣ ನಿಲ್ಲುತ್ತದೆ, ಏಕೆಂದರೆ ಆ ಕೆಲಸಗಳಿಗೆ ಯಾರೂ ತಾವಾಗಿ ಮುಂದೆ ಬರುವುದಿಲ್ಲ.

ಕಳಿಸುವ ಮುನ್ನ

ಪುಟ ಸಿದ್ಧವಾದ ಮೇಲೆ ರಸಾಯನಶಾಸ್ತ್ರ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, ಅರ್ಧ ನಿಮಿಷದ ನಂತರ ವಾಪಸು ತೆಗೆದುಕೊಳ್ಳಲು ಹೇಳಿದೆ. ಆಮೇಲೆ ಮೂರು ಪ್ರಶ್ನೆ ಕೇಳಬೇಕು. ಇವರು ಏನು ಪಾಠ ಮಾಡಬಲ್ಲರು? ಎಷ್ಟು ದೊಡ್ಡ ತರಗತಿಗೆ ಮಾಡಿದ್ದಾರೆ? ಹುದ್ದೆಗೆ ಬೇಕಾದ ಅರ್ಹತೆ ಇದೆಯೇ? ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಅತ್ತಿಗೆಗೆ ಕೊಟ್ಟಳು. ಮೊದಲ ಎರಡಕ್ಕೆ ಉತ್ತರ ಬಂತು, ಮೂರನೆಯದಕ್ಕೆ ಬರಲಿಲ್ಲ. ಕೆ-ಸೆಟ್ ಪುಟದ ಕೆಳಭಾಗದಲ್ಲಿತ್ತು. ಅದನ್ನು ಮೇಲಿನ ಮೂರು ಸಾಲಿನ ಪರಿಚಯಕ್ಕೂ ಸೇರಿಸಿದೆವು: 'ಕೆ-ಸೆಟ್ ಮತ್ತು ಪಿಎಚ್‌ಡಿ ಅರ್ಹತೆಯ ರಸಾಯನಶಾಸ್ತ್ರ ಅಧ್ಯಾಪಕಿ. ಬಿಎಸ್ಸಿಯ ಆರೂ ಸೆಮಿಸ್ಟರ್‌ಗಳಿಗೆ ಥಿಯರಿ, ಪ್ರಾಯೋಗಿಕ ಎರಡನ್ನೂ ಕಲಿಸಿದ ಅನುಭವ.' ಎರಡನೆಯ ಸಲ ಪಕ್ಕದ ಮನೆಯವರಿಗೆ ತೋರಿಸಿದಾಗ ಮೂರಕ್ಕೂ ಉತ್ತರ ಸಿಕ್ಕಿತು.

ಕಡತವನ್ನು ಪಿಡಿಎಫ್ ಮಾಡಿಯೇ ಕಳಿಸಬೇಕು. ಕನ್ನಡದಲ್ಲಿ ಬಯೋಡೇಟಾ ಬರೆಯುವ ಕನ್ನಡ ಅಧ್ಯಾಪಕರಿಗಂತೂ ಇದು ಮುಖ್ಯ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗುತ್ತವೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿ, ಬೇರೆಯವರ ಮೊಬೈಲಿನಲ್ಲಿ ತೆರೆದು ನೋಡಿ ಕಳಿಸುವುದು ಕ್ಷೇಮ.

ಈ ಒಂದು ಪುಟ ಎಲ್ಲ ಕಡೆಗೂ ಸಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಸರ್ಕಾರಿ ಕಾಲೇಜುಗಳ ನೇಮಕಾತಿಗೆ ನಿಗದಿತ ನಮೂನೆ ಇರುತ್ತದೆ, ಅಲ್ಲಿ ಬಯೋಡೇಟಾಗೆ ಕೆಲಸವಿಲ್ಲ. ವಿಶ್ವವಿದ್ಯಾಲಯದ ಹುದ್ದೆಗಳಿಗೆ ಪ್ರತಿ ಲೇಖನದ ವಿವರವನ್ನೂ ದಾಖಲೆ ಸಮೇತ ಕೇಳುತ್ತಾರೆ. ಸಂಶೋಧನಾ ಸಂಸ್ಥೆಗಳಿಗೆ ಪ್ರಕಟಣೆಗಳ ಪೂರ್ಣ ಪಟ್ಟಿಯೇ ಮುಖ್ಯ. ಅಲ್ಲಿಗೆಲ್ಲ ಒಂಬತ್ತು ಪುಟವೇ ಹೋಗಬೇಕು. ಪಾಠ ಮಾಡುವವರನ್ನೇ ಹುಡುಕುವ ಖಾಸಗಿ ಪದವಿ ಕಾಲೇಜು, ಪಿಯು ಕಾಲೇಜು, ಸ್ವಾಯತ್ತ ಕಾಲೇಜುಗಳಲ್ಲಿ ಈ ಒಂದು ಪುಟಕ್ಕೆ ಬೆಲೆ. ಅಲ್ಲಿಯೂ ಜಾಹೀರಾತು ಬದಲಾದರೆ ಪುಟವೂ ಬದಲಾಗಬೇಕು. ಪಿಯು ಕಾಲೇಜಾದರೆ ರೋಹಿತದರ್ಶನದ ಸಾಲು ಕೆಳಗಿಳಿದು, ಮೋಲಾರಿಟಿ ಲೆಕ್ಕದ ಕೈಹಾಳೆ ಮೇಲೆ ಬರುತ್ತದೆ.

ಅವಳಿಗೆ ಸಂದರ್ಶನದ ಕರೆ ಬಂತು. ಮಾದರಿ ಪಾಠ ಮುಗಿದ ಮೇಲೆ ಸಮಿತಿಯವರು ಕೇಳಿದ್ದು ಕೈಹಾಳೆಗಳನ್ನು. ಹದಿನಾಲ್ಕನ್ನೂ ಅವಳು ಚೀಲದಲ್ಲಿ ಇಟ್ಟುಕೊಂಡು ಹೋಗಿದ್ದಳು.

ಇಡೀ ಕೆಲಸಕ್ಕೆ ನಮಗೆ ನಾಲ್ಕು ದಿನ ಹಿಡಿಯಿತು. ಬರೆಯಲು ಬೇಕಾದದ್ದು ಒಂದು ಸಂಜೆ. ಉಳಿದ ಮೂರು ದಿನವೂ ಯಾವ ಸೆಮಿಸ್ಟರ್, ಎಷ್ಟು ಹುಡುಗರು, ವಾರಕ್ಕೆ ಎಷ್ಟು ಗಂಟೆ ಎಂದು ಹುಡುಕುವುದಕ್ಕೇ ಹೋದವು. ಲೇಖನಗಳ ಲೆಕ್ಕ ಅವಳ ಬೆರಳ ತುದಿಯಲ್ಲಿತ್ತು, ತರಗತಿಯ ಲೆಕ್ಕ ಬೇರೆಯವರ ಹಾಜರಿ ಪುಸ್ತಕದಲ್ಲಿತ್ತು. ಅತಿಥಿ ಉಪನ್ಯಾಸಕರಾಗಿ, ಸಂಶೋಧನಾ ವಿದ್ಯಾರ್ಥಿಗಳಾಗಿ ಪಾಠ ಮಾಡುತ್ತಿರುವ ಎಲ್ಲರಲ್ಲೂ ನನ್ನ ಕೋರಿಕೆ ಇಷ್ಟು: ಸೆಮಿಸ್ಟರ್ ಮುಗಿದ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಪತ್ರಿಕೆಯ ಹೆಸರು, ವಿದ್ಯಾರ್ಥಿಗಳ ಸಂಖ್ಯೆ, ವಾರದ ಗಂಟೆ, ನೀವಾಗಿ ಸಿದ್ಧಪಡಿಸಿದ ಒಂದು ಪಾಠಸಾಮಗ್ರಿ, ಈ ನಾಲ್ಕನ್ನು ಬರೆದಿಡಿ. ಪ್ರಾಂಶುಪಾಲರ ಸಹಿಯ ಅನುಭವ ಪ್ರಮಾಣಪತ್ರವನ್ನು ಆ ವಾರವೇ ಪಡೆದುಕೊಳ್ಳಿ.